ಇಂಚಿನ ಆರ್ಡರನ್ನು ಮಿಲಿಮೀಟರಿಗೆ ತಿರುಗಿಸಿ ಬರೆದ ಇಮೇಲು: ನಾನು ಪಟ್ಟ ಪಾಡು

ನಿನ್ನೆ ಸಂಜೆ ಉದ್ಯಮಬಾಗದ ನಮ್ಮ ಶೆಡ್ಡಿಗೆ ಲಾರಿ ಬಂತು. ಮರದ ಪೆಟ್ಟಿಗೆ ಒಡೆದು ಮೊದಲ ಸರಳಿನ ಮೇಲಿನ ಎಣ್ಣೆ ಕಾಗದ ಬಿಚ್ಚುವಾಗ ನನ್ನ ಕೈ ಸಣ್ಣಗೆ ನಡುಗುತ್ತಿತ್ತು. ಮೈಕ್ರೋಮೀಟರ್ ಹಿಡಿದು ಅಳೆದು ನೋಡಿದ ಮೇಲೆಯೇ ಉಸಿರು ಬಿಟ್ಟೆ. ಜುಲೈ ಕೊನೆಯಿಂದ ನನ್ನ ನಿದ್ದೆ ಕೆಡಿಸಿದ್ದ ಆರ್ಡರು ಅದು. ನನ್ನ ಹಾಗೆ ಸಣ್ಣ ಕಾರ್ಖಾನೆಯಲ್ಲಿ ಪರ್ಚೇಸ್ ನೋಡಿಕೊಳ್ಳುವವರು ಯಾರಾದರೂ ಇಂಚಿನ ಡ್ರಾಯಿಂಗ್ ಇಟ್ಟುಕೊಂಡು ಮಿಲಿಮೀಟರಿನ ದೇಶದಿಂದ ಮಾಲು ತರಿಸಬೇಕಾದರೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾವು ಬೆಳಗಾವಿಯಲ್ಲಿ ಹೈಡ್ರಾಲಿಕ್ ಸಿಲಿಂಡರ್ ಮಾಡುವವರು. ಈ ಸಲ ಕೆಲಸ ಕೊಟ್ಟದ್ದು ಅಮೆರಿಕದ ಗಿರಾಕಿ. ಡ್ರಾಯಿಂಗ್ ಪೂರ್ತಿ ಇಂಚಿನಲ್ಲಿ. ಪಿಸ್ಟನ್ ರಾಡಿಗೆ ಬೇಕಾದ ಕ್ರೋಮ್ ಹಚ್ಚಿದ ಉಕ್ಕಿನ ಸರಳು ಮೂರು ಅಳತೆಯದು: ಸವ್ವಾ ಇಂಚು ಎಂದರೆ ಒಂದೂಕಾಲು, ದೀಡ ಇಂಚು ಎಂದರೆ ಒಂದೂವರೆ, ಇನ್ನೊಂದು ಎರಡು ಇಂಚು. ಇಲ್ಲಿನ ಅಂಗಡಿಗಳಲ್ಲಿ 32, 40, 50 ಮಿಲಿಮೀಟರು ಬೇಕಾದಷ್ಟು ಸಿಗುತ್ತದೆ, ಇಂಚಿನ ಸೈಜು ನಮಗೆ ಬೇಕಾದ ಸಂಖ್ಯೆಯಲ್ಲಿ ಸಿಗಲಿಲ್ಲ. ಕೊನೆಗೆ ಇಟಲಿಯ ಒಂದು ಮಿಲ್ಲು ಸಿಕ್ಕಿತು. ಅವರು ಅಮೆರಿಕಕ್ಕೂ ಮಾಲು ಕಳಿಸುವವರಾದ್ದರಿಂದ ಇಂಚಿನ ಸೈಜಿನ ಸರಳನ್ನೂ ಎಳೆಯುತ್ತಾರೆ. ಸವ್ವಾ ಇಂಚಿನದು 40 ಸರಳು, ದೀಡ ಇಂಚಿನದು 30, ಎರಡು ಇಂಚಿನದು 20. ಒಂದೊಂದೂ ಹತ್ತು ಅಡಿ ಉದ್ದ. ಒಟ್ಟು ಎರಡೂವರೆ ಟನ್ನಿನ ಆರ್ಡರು.

ತಪ್ಪಿನ ಬೀಜ ಬಿದ್ದದ್ದು ನಮ್ಮ ಕಡೆಯೇ. ಮೊದಲು ದರ ಕೇಳಿ ಕಳಿಸಿದ ಇಮೇಲಿನಲ್ಲಿ ನಾನು “ಸುಮಾರು 32, 38, 50 ಮಿಲಿಮೀಟರ್” ಎಂದು ಬರೆದಿದ್ದೆ. ದರ ಕೇಳುವಾಗ ಅಂದಾಜು ಸಾಕು ಎನ್ನುವ ಯೋಚನೆ. ದರ ಒಪ್ಪಿಗೆಯಾದ ಮೇಲೆ ಪರ್ಚೇಸ್ ಆರ್ಡರು ಮಾಡಿದಾಗ ಡ್ರಾಯಿಂಗಿನಲ್ಲಿದ್ದ ಹಾಗೆ ಇಂಚು, ಅಡಿಯಲ್ಲೇ ಬರೆದೆ. ಅಲ್ಲಿಗೆ ಮಿಲ್ಲಿನವರ ಕೈಯಲ್ಲಿ ಒಂದೇ ಮಾಲಿನ ಬಗ್ಗೆ ಎರಡು ಬೇರೆ ಬೇರೆ ಕಾಗದ ಆದವು. ಮೂರನೆಯ ದಿನ ಅವರಿಂದ ಪ್ರೊಫಾರ್ಮಾ ಇನ್‌ವಾಯ್ಸ್ ಬಂತು. ವ್ಯಾಸ 32, 38, 50. ಉದ್ದ 3000. ಮೂವತ್ತು ಪರ್ಸೆಂಟ್ ಮುಂಗಡ ಕಳಿಸಿದರೆ ಕೆಲಸ ಹಿಡಿಯುತ್ತೇವೆ ಎಂದಿತ್ತು.

ಅವತ್ತೇ ಅದನ್ನು ಬ್ಯಾಂಕಿಗೆ ಕೊಡುವುದಿತ್ತು. ಅವಸರಕ್ಕೆ ಕಾರಣವೂ ಇತ್ತು. ಇಟಲಿಯಲ್ಲಿ ಆಗಸ್ಟ್ ನಡುವೆ ಕಾರ್ಖಾನೆಗಳು ಎರಡು ಮೂರು ವಾರ ಬಾಗಿಲು ಹಾಕುತ್ತವೆ. ಮುಂಗಡ ಅದಕ್ಕೆ ಮೊದಲು ಮುಟ್ಟದಿದ್ದರೆ ನಮ್ಮ ಸರದಿ ಸೆಪ್ಟೆಂಬರಿಗೆ ಹೋಗುತ್ತಿತ್ತು. ಮಾಲಕರು ಸಹಿ ಹಾಕಲು ಪೆನ್ನು ತೆಗೆದಿದ್ದರು. ನಾನು ಸುಮ್ಮನೆ ಒಂದು ಸಲ ತೂಕ ತಾಳೆ ನೋಡೋಣ ಎಂದು ಕೂತೆ. ದುಂಡು ಸರಳಿನ ತೂಕದ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ವ್ಯಾಸ ಮಿಲಿಮೀಟರಿನಲ್ಲಿ, ಅದರ ವರ್ಗ, ಅದನ್ನು 162.2ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕಿಲೋ ಎಂದು ಬರುತ್ತದೆ.

ಮೊದಲ ಸಾಲು ನೋಡಿದೆ. ನನ್ನ ಲೆಕ್ಕದಲ್ಲಿ ಸವ್ವಾ ಇಂಚಿನ 40 ಸರಳು 758 ಕಿಲೋ. ಅವರ ಪ್ರೊಫಾರ್ಮಾದಲ್ಲೂ 758. ಸರಿಯಾಗಿದೆ ಎಂದು ಮುಂದಕ್ಕೆ ಹೋಗುವವನಿದ್ದೆ. ಎರಡನೆಯ ಸಾಲಿನಲ್ಲಿ ನನ್ನದು 818, ಅವರದು 801. ಮೂರನೆಯದರಲ್ಲಿ ನನ್ನದು 970, ಅವರದು 925. ಆಗ ಎದೆ ಧಸಕ್ಕೆಂದಿತು.

ಹಾಗಾದರೆ ಮೊದಲ ಸಾಲು ಹೇಗೆ ಕೂಡಿಬಂತು? ಕೂತು ಬಿಡಿಸಿದಾಗ ತಿಳಿಯಿತು. ಅಲ್ಲಿ ವ್ಯಾಸವೂ ತಪ್ಪು, ಉದ್ದವೂ ತಪ್ಪು. ಸವ್ವಾ ಇಂಚು ಎಂದರೆ 31.75, ಅವರು ಹಾಕಿದ್ದು 32. ಹತ್ತು ಅಡಿ ಎಂದರೆ 3048, ಅವರು ಹಾಕಿದ್ದು 3000. ಒಂದು ಕಡೆ ದಪ್ಪ ಹೆಚ್ಚಿ, ಇನ್ನೊಂದು ಕಡೆ ಉದ್ದ ಇಳಿದು, ಎರಡು ತಪ್ಪು ಸೇರಿ ತೂಕ ಮಾತ್ರ ಕಿಲೋ ತಪ್ಪದ ಹಾಗೆ ಕೂಡಿಬಂದಿತ್ತು. ತೂಕ ತಾಳೆ ನೋಡುವುದು ಒಳ್ಳೆಯ ಅಭ್ಯಾಸವೇ. ಆದರೆ ಒಟ್ಟು ತೂಕ ಸರಿ ಬಂತೆಂದು ವ್ಯಾಸ, ಉದ್ದ ಎರಡನ್ನೂ ಬೇರೆ ಬೇರೆಯಾಗಿ ನೋಡುವುದನ್ನು ಬಿಡಬೇಡಿ. ನಮ್ಮ ಆರ್ಡರಿನಲ್ಲಿ ಆ ಒಂದೇ ಸಾಲು ಇದ್ದಿದ್ದರೆ ಅವತ್ತು ದುಡ್ಡು ಹೋಗಿರುತ್ತಿತ್ತು.

ಕಾಲು ಮಿಲಿಮೀಟರಿಗೆ ಇಷ್ಟು ಗಾಬರಿ ಯಾಕೆ ಎಂದು ಕೇಳಬಹುದು. ನಮ್ಮ ಅಕೌಂಟ್ಸಿನವರೂ ಅದನ್ನೇ ಕೇಳಿದರು. “ದಪ್ಪ ಬಂದ್ರ ಗ್ರೈಂಡಿಂಗ್ ಹೊಡದ್ರ ಆತಲ್ರಿ?” ಎಂದರು. ಮಾಮೂಲಿ ಸರಳಾಗಿದ್ದರೆ ಆಗುತ್ತಿತ್ತು. ಇದು ಕ್ರೋಮ್ ಸರಳು. ಮೇಲಿನ ಕ್ರೋಮಿನ ಪದರ ಸುಮಾರು 20 ಮೈಕ್ರಾನ್, ಅಂದರೆ 0.02 ಮಿಲಿಮೀಟರ್. 32ರ ಸರಳನ್ನು 31.75ಕ್ಕೆ ತರಬೇಕಾದರೆ ಒಂದೊಂದು ಬದಿಯಿಂದ 0.125 ತೆಗೆಯಬೇಕು. ಕ್ರೋಮ್ ಪೂರ್ತಿ ಹೋಗಿ ಅದರ ಕೆಳಗಿನ ಉಕ್ಕನ್ನೂ ತಿಂದಂತೆ. ಉಳಿದ ಎರಡು ಸೈಜು ಇದಕ್ಕಿಂತ ಕೆಟ್ಟದ್ದು, ಅವು ಸಣ್ಣದಾಗಿ ಬರುತ್ತಿದ್ದವು. ಎರಡು ಇಂಚೆಂದರೆ 50.8. ಅದರ ಸೀಲಿನೊಳಗೆ 50ರ ರಾಡು ಹಾಕಿದರೆ ಎಣ್ಣೆ ಸೋರುವುದನ್ನು ಯಾರೂ ತಡೆಯಲಾರರು.

ಉದ್ದದ್ದೂ ಹಾಗೆಯೇ. ಡ್ರಾಯಿಂಗಿನ ಪ್ರಕಾರ ದೀಡ ಇಂಚಿನ ರಾಡಿನ ತುಂಡು ಇಪ್ಪತ್ತೊಂಬತ್ತು ಮುಕ್ಕಾಲು ಇಂಚು, ಅಂದರೆ 755.65 ಮಿಲಿಮೀಟರ್. ನಾಲ್ಕು ತುಂಡಿಗೆ 3022.6. ಬ್ಯಾಂಡ್‌ಸಾ ಬ್ಲೇಡು ತಿನ್ನುವುದು, ತುದಿ ಸರಿ ಮಾಡುವುದು ಸೇರಿ ಇನ್ನೊಂದು ಹತ್ತು ಮಿಲಿಮೀಟರ್. 3048ರಲ್ಲಿ ನಾಲ್ಕು ತುಂಡು ಬಂದು ಸ್ವಲ್ಪ ಉಳಿಯುತ್ತದೆ. 3000ದಲ್ಲಿ ಮೂರೇ ತುಂಡು. 48 ಮಿಲಿಮೀಟರ್ ಕಡಿಮೆಯಾದದ್ದಕ್ಕೆ 120 ರಾಡಿನ ಬದಲು 90 ಬರುತ್ತಿತ್ತು.

ಮಾಲಕರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. “ಇವತ್ತ ಒಂದ ಮೇಲ್ ಹಾಕು, ಅವರಿಗೆ ಎರಡನೇ ಮಾತು ಕೇಳೂ ಹಂಗ ಇರಬಾರದು” ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. “ಸುಮಾರು” ಎಂದು ನಾನು ಬರೆದ ಆ ಒಂದು ಪದ ಇಡೀ ದಿನ ಕಣ್ಣ ಮುಂದೆ ಕುಣಿಯುತ್ತಿತ್ತು.

ಆ ದಿನ ಕಳಿಸಿದ ಮೊದಲ ಇಮೇಲು ಕೆಲಸಕ್ಕೆ ಬರಲಿಲ್ಲ. ಯಾಕೆ ಎನ್ನುವುದನ್ನು ವಿವರವಾಗಿ ಹೇಳುತ್ತೇನೆ, ಈ ಬರಹದಲ್ಲಿ ನನಗೆ ಮುಖ್ಯ ಅನ್ನಿಸುವ ಭಾಗ ಇದು.

ಲೆಕ್ಕ ಕಷ್ಟದ್ದಲ್ಲ. 1 ಇಂಚು ಎಂದರೆ 25.4 ಮಿಲಿಮೀಟರ್. ಇದು ಅಂದಾಜಲ್ಲ. 1959ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆಲವು ದೇಶಗಳು ಸೇರಿ ಗೊತ್ತುಮಾಡಿದ ಸರಿಯಾದ ಬೆಲೆ. ನಾನು ಎಕ್ಸೆಲ್‌ನಲ್ಲಿ ಹೀಗೆ ಹಾಕಿದೆ:

```
=CONVERT(1.25,"in","mm")
```

31.75 ಬಂತು. ಇಲ್ಲೊಂದು ಮಾತು. ಎಕ್ಸೆಲ್‌ನಲ್ಲಿ ಇಂಚಿನ ಭಿನ್ನರಾಶಿಯನ್ನು ನೇರವಾಗಿ ಟೈಪು ಮಾಡಬೇಡಿ. ಮುಕ್ಕಾಲು ಇಂಚಿಗೆ `3/4` ಎಂದು ಹೊಡೆದರೆ ಅದು ಏಪ್ರಿಲ್ 3 ಎಂದು ತಾರೀಖು ಮಾಡಿಕೊಂಡು ಕೂರುತ್ತದೆ. ಸೊನ್ನೆ ಹಾಕಿ, ಜಾಗ ಬಿಟ್ಟು `0 3/4` ಎಂದು ಹೊಡೆಯಬೇಕು. ಅದಕ್ಕಿಂತ ದಶಾಂಶದಲ್ಲಿ 0.75 ಎಂದು ಬರೆಯುವುದೇ ನೆಮ್ಮದಿ. ಇಮೇಲಿನಲ್ಲೂ ಹಾಗೆಯೇ, `1 1/4` ಎಂದು ಬರೆದದ್ದರಲ್ಲಿ ನಡುವಿನ ಜಾಗ ಅಳಿಸಿಹೋದರೆ `11/4` ಆಗುತ್ತದೆ, ಓದುವವರಿಗೆ ಅದು ಎರಡೂ ಮುಕ್ಕಾಲು ಇಂಚು.

ಲೆಕ್ಕ ಮುಗಿಸಿ ನಾನು ಅಂಕಿಗಳನ್ನು ಇಮೇಲಿನಲ್ಲಿ ನಮ್ಮ ರೂಢಿಯ ಹಾಗೆ ಚೊಕ್ಕವಾಗಿ ಜೋಡಿಸಿದೆ. ವ್ಯಾಸ `31.750`, `38.100`, `50.800`. ಉದ್ದ `3,048`. ಮೂರು ದಶಾಂಶ ಹಾಕಿದರೆ ಅಚ್ಚುಕಟ್ಟಾಗಿ ಕಾಣುತ್ತದೆ, ಸಾವಿರಕ್ಕೆ ಅಲ್ಪವಿರಾಮ ಹಾಕುವುದು ಶಾಲೆಯಿಂದ ಬಂದ ಅಭ್ಯಾಸ. ಕಳಿಸಿ ಮನೆಗೆ ಹೋದೆ.

ನಡುವೆ ಶನಿವಾರ, ಭಾನುವಾರ. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಅವರ ಆಫೀಸು ತೆರೆಯುವಾಗ ನಮ್ಮಲ್ಲಿ ಊಟದ ಹೊತ್ತು. ಸೋಮವಾರ ಮಧ್ಯಾಹ್ನ ಡಬ್ಬಿ ಬಿಚ್ಚದೆ ಕಾದು ಕೂತೆ. ಉತ್ತರ ಬಂತು, ಹೊಸ ಪ್ರೊಫಾರ್ಮಾ ಸಮೇತ. ಅದರಲ್ಲಿ ಉದ್ದದ ಕಾಲಮ್ಮಿನಲ್ಲಿ `3,05` ಎಂದಿತ್ತು. ಕೆಳಗೆ ಅವರ ಸೇಲ್ಸಿನ ಹೆಣ್ಣುಮಗಳು ತುಂಬ ಮರ್ಯಾದೆಯಿಂದ ಒಂದು ಸಾಲು ಬರೆದಿದ್ದಳು. ನಿಮ್ಮ ಉದ್ದ ಮಿಲಿಮೀಟರೋ ಮೀಟರೋ, ವ್ಯಾಸದ ಅಂಕಿಯಲ್ಲಿ ಚುಕ್ಕೆಯ ಅರ್ಥವೇನು, ದಯವಿಟ್ಟು ಖಚಿತಪಡಿಸಿ ಎಂದು.

ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಇಟಲಿ, ಜರ್ಮನಿಯಂಥ ದೇಶಗಳಲ್ಲಿ ದಶಾಂಶಕ್ಕೆ ಹಾಕುವುದು ಅಲ್ಪವಿರಾಮ, ಸಾವಿರ ಬೇರೆ ಮಾಡಲು ಹಾಕುವುದು ಚುಕ್ಕೆ. ನಮ್ಮದಕ್ಕೆ ತದ್ವಿರುದ್ಧ. ನಾನು ಬರೆದ `3,048` ಅವರ ಕಣ್ಣಿಗೆ ಮೂರು ಮಿಲಿಮೀಟರು ಚಿಲ್ಲರೆ. `31.750` ಅವರ ಕಣ್ಣಿಗೆ ಮೂವತ್ತೊಂದು ಸಾವಿರದ ಏಳುನೂರ ಐವತ್ತು. ಓದುವವರು ಮನುಷ್ಯರಾದರೆ ತಲೆ ಓಡಿಸಿ ಕೇಳುತ್ತಾರೆ, ಆಕೆ ಕೇಳಿದಳು. ಆದರೆ ಅಂಕಿ ಅವರ ಕಂಪ್ಯೂಟರಿನೊಳಗೆ ಹೋದ ಮೇಲೆ ಅದು ಕೇಳುವುದಿಲ್ಲ. `3,048` ಅನ್ನು ಎರಡು ದಶಾಂಶಕ್ಕೆ ಇಳಿಸಿ `3,05` ಮಾಡಿ ಇನ್‌ವಾಯ್ಸಿಗೆ ಹಾಕಿತ್ತು.

ಇದಕ್ಕೆ ನಾನು ಕಂಡುಕೊಂಡ ದಾರಿ ಎರಡೇ ಮಾತಿನದು. ಸಾವಿರಕ್ಕೆ ಯಾವ ಗುರುತನ್ನೂ ಹಾಕಬೇಡಿ, `3048` ಎಂದು ಒತ್ತಾಗಿ ಬರೆಯಿರಿ. ದಶಾಂಶದ ಚುಕ್ಕೆಯ ನಂತರ ಮೂರು ಅಂಕಿ ಬರದ ಹಾಗೆ ನೋಡಿಕೊಳ್ಳಿ. `31.75` ಎಂದು ಎರಡೇ ಅಂಕಿ ಇದ್ದರೆ ಅದನ್ನು ಯಾವ ದೇಶದವರೂ ಸಾವಿರವೆಂದು ಓದಲು ಬರುವುದಿಲ್ಲ, ಏಕೆಂದರೆ ಸಾವಿರದ ಗುರುತಿನ ನಂತರ ಮೂರು ಅಂಕಿ ಇರಲೇಬೇಕು. ಅಚ್ಚುಕಟ್ಟಿಗೆಂದು ನಾನು ಸೇರಿಸಿದ ಕೊನೆಯ ಸೊನ್ನೆಯೇ ಗೊಂದಲಕ್ಕೆ ಬಾಗಿಲು ತೆಗೆದದ್ದು.

ಕೂಡಲೆ ಎರಡನೆಯ ಇಮೇಲು ಬರೆಯಲು ಕೂತೆ. ಕಳಿಸುವ ಮೊದಲು ನಮ್ಮ ಕ್ವಾಲಿಟಿ ವಿಭಾಗದ ಅಕ್ಕನಿಗೆ ತೋರಿಸಿದೆ. ಪ್ರಿಂಟು ಕೈಗೆ ತೆಗೆದುಕೊಂಡು, ಪ್ರೊಫಾರ್ಮಾ ಪಕ್ಕಕ್ಕಿಟ್ಟುಕೊಂಡು, ಕನ್ನಡಕ ಮೇಲೆ ಮಾಡಿ ಸುಮ್ಮನೆ ಓದಿದರು. “ಸೈಜು ಸರಿ ಮಾಡೀರಿ. ಟಾಲರೆನ್ಸ್ ನೋಡೀರೇನು? ಮೂರಕ್ಕೂ f7 ಅಂತ ಹಾಕ್ಯಾರ ನೋಡ್ರಿ ಅವರು.”

ನೋಡಿರಲಿಲ್ಲ. ಕ್ರೋಮ್ ಸರಳಿಗೆ f7 ಎನ್ನುವುದು ಯುರೋಪಿನಲ್ಲಿ ಮಾಮೂಲಿ. ಆರ್ಡರಿನಲ್ಲಿ ಬೇರೆ ಏನೂ ಹೇಳದಿದ್ದರೆ ಅದನ್ನೇ ಕೊಡುತ್ತಾರೆ. ಅವರ ಕ್ಯಾಟಲಾಗಿನಲ್ಲೂ ಅದೇ ಇತ್ತು, ಹಾಗಾಗಿ ನಾನು ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ನಮ್ಮ ಡ್ರಾಯಿಂಗಿನಲ್ಲಿ ಮೂರೂ ರಾಡಿಗೆ ಒಂದೇ ಟಾಲರೆನ್ಸು: ಮೇಲಕ್ಕೆ ಸೊನ್ನೆ, ಕೆಳಕ್ಕೆ 0.002 ಇಂಚು. ಅಂದರೆ ಹೇಳಿದ ಅಳತೆಗಿಂತ ಒಂದಿಷ್ಟೂ ದಪ್ಪವಿರಬಾರದು, ಎರಡು ಥೌ ತನಕ ಸಣ್ಣದಿದ್ದರೆ ನಡೆಯುತ್ತದೆ. ಎರಡು ಥೌ ಎಂದರೆ 0.0508 ಮಿಲಿಮೀಟರ್. ಇದನ್ನು ಎರಡು ದಶಾಂಶಕ್ಕೆ ತರುವಾಗ 0.05 ಎಂದು ಒಳಕ್ಕೆ ಸರಿಸಬೇಕು. ಇಲ್ಲಿ ಹತ್ತಿರದ ಅಂಕಿಯೂ ಅದೇ ಆಗಿದ್ದರಿಂದ ತೊಂದರೆಯಾಗಲಿಲ್ಲ. ಆದರೆ ಬೇರೆ ಯಾವುದಾದರೂ ಅಳತೆ 0.0559 ಎಂದು ಬಂದರೆ ಅದನ್ನು 0.06 ಮಾಡಿಬಿಡಬೇಡಿ, 0.05 ಮಾಡಿ. ಸುತ್ತಿಕೊಳ್ಳುವಾಗ ಗಿರಾಕಿ ಕೊಟ್ಟ ಗೆರೆಯ ಒಳಗೇ ಇರಬೇಕು, ಗೆರೆ ದಾಟಿದರೆ ಅವರು ಕೊಡದ ರಿಯಾಯಿತಿಯನ್ನು ನಾವೇ ತೆಗೆದುಕೊಂಡ ಹಾಗೆ.

ಇನ್ನು f7. ಈ ಅಕ್ಷರದ ಹಿಂದೆ ಒಂದೇ ಅಂಕಿ ಇರುವುದಿಲ್ಲ, ವ್ಯಾಸ ದೊಡ್ಡದಾದ ಹಾಗೆ ಅದೂ ಹಿಗ್ಗುತ್ತದೆ. 30ರಿಂದ 50 ಮಿಲಿಮೀಟರಿನ ತನಕ f7 ಎಂದರೆ ಹೇಳಿದ ಅಳತೆಗಿಂತ 0.025ರಿಂದ 0.050ರಷ್ಟು ಸಣ್ಣದು. ಸವ್ವಾ ಇಂಚು, ದೀಡ ಇಂಚು ಎರಡೂ ಈ ಮನೆಯಲ್ಲಿ ಬೀಳುತ್ತವೆ. ನಮಗೆ 0.0508ರ ತನಕ ಅವಕಾಶ ಇರುವುದರಿಂದ ಅಂಚಿನಲ್ಲಿ ಪಾಸಾಗುತ್ತವೆ. ಎರಡು ಇಂಚು 50.8. ಅದು 50 ದಾಟಿ ಮುಂದಿನ ಮನೆಗೆ ಹೋಗುತ್ತದೆ, 50ರಿಂದ 80ರ ಮನೆಗೆ. ಅಲ್ಲಿ f7 ಎಂದರೆ 0.030ರಿಂದ 0.060. ಅಂದರೆ ಮಿಲ್ಲಿನವರು ತಮ್ಮ ಲೆಕ್ಕದಲ್ಲಿ ಒಂದೂ ತಪ್ಪು ಮಾಡದೆ 50.74ರ ಸರಳು ಕಳಿಸಬಹುದು, ನಾವು ಅದನ್ನು ಸ್ವೀಕರಿಸಲು ಬರುವುದಿಲ್ಲ. ನಮ್ಮ ಕೆಳಗಿನ ಮಿತಿ 50.7492. ಒಂಬತ್ತು ಮೈಕ್ರಾನಿನ ಜಗಳ.

ಅಕ್ಕ ಗೋಡೆಯ ಮೇಲಿದ್ದ ಚಾರ್ಟಿನ ಮೇಲೆ ಬೆರಳಿಟ್ಟು ತೋರಿಸಿದಾಗ ನನಗೆ ಗಂಟಲು ಒಣಗಿತು. ಅಳತೆ ಸರಿ ಮಾಡಿದೆ ಎಂಬ ಸಮಾಧಾನದಲ್ಲಿ ನಾನು ಇದನ್ನು ಹಾಗೇ ಕಳಿಸಿಬಿಡುತ್ತಿದ್ದೆ. 20 ಸರಳು, 970 ಕಿಲೋ, ಆರ್ಡರಿನಲ್ಲಿ ಎಲ್ಲಕ್ಕಿಂತ ತೂಕದ ಸಾಲು ಅದು. ಎರಡು ಇಂಚಿಗೆ f7 ಬದಲು h8 ಕೇಳೋಣ ಎಂದು ಅವರೇ ಹೇಳಿದರು. ಆ ಮನೆಯಲ್ಲಿ h8 ಎಂದರೆ ಸೊನ್ನೆಯಿಂದ ಕೆಳಗೆ 0.046, ನಮ್ಮ ಗೆರೆಯೊಳಗೆ ಆರಾಮಾಗಿ ಕೂರುತ್ತದೆ. ಜೊತೆಗೆ ಅಕ್ಷರವನ್ನಷ್ಟೇ ಬರೆಯದೆ ಅತಿ ಹೆಚ್ಚು ಇಷ್ಟು, ಅತಿ ಕಡಿಮೆ ಇಷ್ಟು ಎಂದು ಅಂಕಿಯನ್ನೂ ಬರೆಯಲು ಹೇಳಿದರು. ಅಕ್ಷರ ಚಾರ್ಟು ನೋಡಿದವರಿಗೆ ಮಾತ್ರ ತಿಳಿಯುತ್ತದೆ, ಅಂಕಿ ಮೈಕ್ರೋಮೀಟರ್ ಹಿಡಿದ ಯಾರಿಗಾದರೂ ತಿಳಿಯುತ್ತದೆ.

ಅಂತೂ ಎರಡನೆಯ ಇಮೇಲು ಹೀಗೆ ಬರೆದೆ. ವಿಷಯದ ಸಾಲಿನಲ್ಲೇ ಹಳೆಯದು ರದ್ದು, ಇದು ಅದರ ಜಾಗಕ್ಕೆ ಬಂದದ್ದು ಎಂದು ಕಾಣುವ ಹಾಗೆ ಹಾಕಿದೆ. ಒಳಗೆ ಮೊದಲ ವಾಕ್ಯದಲ್ಲಿ ಹಳೆಯ ಪರ್ಚೇಸ್ ಆರ್ಡರು, ನನ್ನ ದರ ಕೇಳಿದ ಇಮೇಲು, ಅವರ ಎರಡೂ ಪ್ರೊಫಾರ್ಮಾ, ಈ ನಾಲ್ಕನ್ನೂ ತಾರೀಖು ಸಮೇತ ಹೆಸರಿಸಿ ಇವು ಇನ್ನು ಲೆಕ್ಕಕ್ಕಿಲ್ಲ ಎಂದೆ. ಇದನ್ನು ಮರೆಯಬೇಡಿ. ಹಳೆಯ ಕಾಗದವನ್ನು ಹೆಸರು ಹಿಡಿದು ರದ್ದು ಮಾಡದಿದ್ದರೆ ಅದು ಅವರ ಫೈಲಿನಲ್ಲಿ ಜೀವಂತ ಇರುತ್ತದೆ, ಶಾಪ್ ಫ್ಲೋರಿಗೆ ಯಾವುದು ಹೋಗುತ್ತದೆಂದು ಹೇಳಲಾಗದು. ಆಮೇಲೆ ಮಾಲಿನ ಸಾಲುಗಳು:

```
Subject: PO Rev 1 (REPLACES Rev 0) - sizes restated in mm

1) Dia 31.75 mm (1.25 inch)  max 31.75 / min 31.70   40 pcs
2) Dia 38.10 mm (1.5 inch)   max 38.10 / min 38.05   30 pcs
3) Dia 50.80 mm (2 inch) h8  max 50.80 / min 50.75   20 pcs
Length, all items: 3048 mm (10 ft), tolerance +20 / -0 mm
The mm values govern. Inch values are for reference only.
Decimal sign is a point. 1 inch = 25.4 mm exactly.
```

ಇದರಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿದ್ದು ಮಿಲಿಮೀಟರೇ ಅಂತಿಮ ಎನ್ನುವ ಸಾಲಿನ ಬಗ್ಗೆ. ಎರಡೂ ಅಳತೆ ಪಕ್ಕಪಕ್ಕ ಬರೆದು, ಯಾವುದು ಮುಖ್ಯ ಎಂದು ಹೇಳದೆ ಬಿಟ್ಟರೆ ನಾಳೆ ವ್ಯಾಜ್ಯ ಬಂದಾಗ ಎರಡು ಕಡೆಯವರೂ ತಮಗೆ ಬೇಕಾದದ್ದನ್ನು ಹಿಡಿದು ಎಳೆಯುತ್ತಾರೆ. ಇಂಚನ್ನು ಪೂರ್ತಿ ತೆಗೆದುಹಾಕಲೂ ಮನಸ್ಸಾಗಲಿಲ್ಲ. ಅದು ಇದ್ದರೆ ಅವರಿಗೆ ಇದು ತಮ್ಮ ಇಂಚಿನ ಸಾಲಿನ ಮಾಲು, 32ರ ಹತ್ತಿರದ ಯಾವುದೋ ಅಳತೆ ಅಲ್ಲ ಎಂದು ತಕ್ಷಣ ಗುರುತು ಸಿಗುತ್ತದೆ. ಉದ್ದಕ್ಕೆ ಕೆಳಗಿನ ಟಾಲರೆನ್ಸು ಸೊನ್ನೆ ಹಾಕಿದ್ದು ನಾಲ್ಕನೆಯ ತುಂಡು ಉಳಿಯಲೆಂದು.

ಕೊನೆಗೆ ಬದಲಾಗದೆ ಇರುವುದನ್ನೂ ಬರೆದೆ: ಉಕ್ಕಿನ ಗ್ರೇಡು, ಕ್ರೋಮಿನ ದಪ್ಪ, ಮೀಟರಿಗೆ ಒಪ್ಪಿದ ದರ, ಪ್ಯಾಕಿಂಗು. ದರ ಮೀಟರಿನ ಲೆಕ್ಕದಲ್ಲಿ ಇದ್ದದ್ದರಿಂದ ಒಟ್ಟು ಉದ್ದ 270 ಮೀಟರಿನಿಂದ 274.32 ಮೀಟರಿಗೆ ಏರುತ್ತದೆ, ಬೆಲೆ ಅಷ್ಟು ಹೆಚ್ಚುತ್ತದೆ ಎಂದು ನಾನೇ ಹೇಳಿದೆ. ನಮಗೆ ಖರ್ಚು ಹೆಚ್ಚಾಗುವ ಮಾತನ್ನು ನಾವೇ ಯಾಕೆ ಹೇಳಬೇಕು ಎಂದು ಅಕೌಂಟ್ಸಿನವರು ಗೊಣಗಿದರು. ನಾವು ಹೇಳದಿದ್ದರೆ ಅವರು ಹಳೆಯ ಮೊತ್ತವನ್ನೇ ಉಳಿಸಿಕೊಂಡು ಇನ್ನೊಂದು ತಪ್ಪು ಪ್ರೊಫಾರ್ಮಾ ಮಾಡುತ್ತಿದ್ದರು, ಇನ್ನೆರಡು ದಿನ ಹೋಗುತ್ತಿತ್ತು. ಈ ಇಮೇಲಿಗೆ ಬರಹದಲ್ಲಿ ಒಪ್ಪಿಗೆ ಮತ್ತು ಹೊಸ ಪ್ರೊಫಾರ್ಮಾ ಬರುವ ತನಕ ಕೆಲಸ ಹಿಡಿಯಬೇಡಿ, ನಾವೂ ಮುಂಗಡ ಕಳಿಸುವುದಿಲ್ಲ ಎಂದು ಮುಗಿಸಿದೆ. ಪರಿಷ್ಕರಿಸಿದ ಪರ್ಚೇಸ್ ಆರ್ಡರು, ಡ್ರಾಯಿಂಗು ಎರಡನ್ನೂ ಪಿಡಿಎಫ್ ಮಾಡಿ ಲಗತ್ತಿಸಿದೆ. ಅಂಕಿಗಳನ್ನು ಮಾತ್ರ ಇಮೇಲಿನ ಒಡಲಲ್ಲೇ ಸಾದಾ ಅಕ್ಷರದಲ್ಲಿ ಇಟ್ಟೆ. ಲಗತ್ತು ತೆರೆಯದೆ ಉತ್ತರಿಸುವವರು ಎಲ್ಲ ಕಡೆ ಇರುತ್ತಾರೆ.

ಗ್ರೇಡಿನ ವಿಷಯ ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಡ್ರಾಯಿಂಗಿನಲ್ಲಿ 1045 ಎಂದಿದ್ದು, ಮಿಲ್ಲಿನವರು C45E ಕೊಡುತ್ತೇವೆ ಎಂದಿದ್ದರು. ಇದು ಇಂಚನ್ನು ಮಿಲಿಮೀಟರು ಮಾಡಿದ ಹಾಗಲ್ಲ. ಎರಡೂ ಹತ್ತಿರದ ಉಕ್ಕುಗಳೇ, ಆದರೆ ಮ್ಯಾಂಗನೀಸಿನ ಮಿತಿ ಸ್ವಲ್ಪ ಬೇರೆ. ಅದಕ್ಕೆ ನಮ್ಮ ಗಿರಾಕಿಯ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ತೆಗೆದುಕೊಂಡಿದ್ದೆವು. ನೀವು ಹಾಗೆ ಮಾಡಿರದಿದ್ದರೆ ಈ ಇಮೇಲು ಕಳಿಸುವ ಮೊದಲು ಮಾಡಿ.

ಎರಡು ದಿನ ಉತ್ತರವಿಲ್ಲ. ಆಗಸ್ಟ್ ಮೊದಲ ವಾರ ಕಳೆಯುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ನಾನೇ ಫೋನು ಮಾಡಿದೆ. ಆಕೆ ಎತ್ತಿದಳು. ಮೊದಲ ಎರಡು ಸಾಲು ಸರಿ, ಎರಡು ಇಂಚಿಗೆ ಬೇರೆ ಟಾಲರೆನ್ಸು ಎಂದರೆ ಗ್ರೈಂಡಿಂಗಿನಲ್ಲಿ ಬೇರೆ ಸೆಟ್ಟಿಂಗು ಬೇಕು, ಉತ್ಪಾದನೆಯವರನ್ನು ಕೇಳುತ್ತಿದ್ದೇನೆ ಎಂದಳು. ಫೋನಿನಲ್ಲಿ ಅಂಕಿ ಹೇಳುವಾಗ ಒಂದೊಂದೇ ಅಂಕಿಯಾಗಿ ಬಿಡಿಸಿ ಹೇಳಿದೆ, “ಐದು, ಸೊನ್ನೆ, ಚುಕ್ಕೆ, ಎಂಟು” ಎನ್ನುವ ಹಾಗೆ. ಇಬ್ಬರದೂ ತಾಯಿನುಡಿ ಇಂಗ್ಲಿಷ್ ಅಲ್ಲ. ಅಂಥ ಮಾತಿನಲ್ಲಿ ಫಿಫ್ಟೀನ್, ಫಿಫ್ಟಿ ಅದಲುಬದಲಾಗಲು ಹೊತ್ತು ಬೇಕಿಲ್ಲ.

ಮರುದಿನ ಸಂಜೆ ಏಳಕ್ಕೆ ಮೂರನೆಯ ಪ್ರೊಫಾರ್ಮಾ ಬಂತು. ಎರಡು ಇಂಚಿನ ಸಾಲಿಗೆ ಮಾತ್ರ ಎರಡು ಪರ್ಸೆಂಟ್ ದರ ಹೆಚ್ಚು ಕೇಳಿದ್ದರು, ಮಾಲಕರು ಒಪ್ಪಿದರು. ನಾನು, ಅಕ್ಕ ಇಬ್ಬರೂ ಕೂತು ಒಂದೊಂದು ಅಂಕಿ ಗಟ್ಟಿಯಾಗಿ ಓದಿ ತಾಳೆ ಮಾಡಿದೆವು. ಅವರ ಕಾಗದದಲ್ಲಿ `31,75` ಎಂದು ಅಲ್ಪವಿರಾಮವೇ ಇತ್ತು. ಅದು ಅವರ ದೇಶದ ರೀತಿ, ತಪ್ಪಲ್ಲ. ಆದರೆ ನಮ್ಮ ಕಡೆ ಬ್ಯಾಂಕು, ಕಸ್ಟಮ್ಸು ಎರಡೂ ಇದೇ ಕಾಗದ ನೋಡುವುದರಿಂದ ಅಂತಿಮ ಇನ್‌ವಾಯ್ಸಿನಲ್ಲಿ ಚುಕ್ಕೆ ಹಾಕಿಕೊಡಿ ಎಂದು ಕೇಳಿಕೊಂಡೆವು, ಹಾಗೇ ಮಾಡಿಕೊಟ್ಟರು.

ಬ್ಯಾಂಕಿನಲ್ಲಿ ಇನ್ನೊಂದು ದಿನ ಹೋಯಿತು. ಹಳೆಯ ಪ್ರೊಫಾರ್ಮಾದ ನಂಬರು ಹಾಕಿ ಅರ್ಜಿ ಮೊದಲೇ ತುಂಬಿಟ್ಟಿದ್ದೆವು. ಹೊಸದಕ್ಕೆ ನಂಬರೂ ಮೊತ್ತವೂ ಬೇರೆ. ಅರ್ಜಿ ಪೂರ್ತಿ ಹೊಸದಾಗಿ ಬರೆದು, ಮಾಲಕರ ಸಹಿ ಮತ್ತೆ ಮಾಡಿಸಬೇಕಾಯಿತು. ಉಕ್ಕು ತರಿಸುವವರಿಗೆ ಸಿಮ್ಸ್, ಅಂದರೆ ಬರುವ ಉಕ್ಕಿನ ವಿವರವನ್ನು ಸರಕಾರಕ್ಕೆ ಮೊದಲೇ ತಿಳಿಸುವ ನೋಂದಣಿಯೂ ಇರುತ್ತದೆ. ಕಸ್ಟಮ್ಸ್ ಏಜೆಂಟರು ಅದನ್ನು ಅಂತಿಮ ಕಾಗದ ಬರುವ ತನಕ ಮಾಡಬೇಡಿ ಎಂದು ಮೊದಲೇ ತಡೆದಿದ್ದರು, ಅದರಿಂದ ಅಲ್ಲೊಂದು ತಿದ್ದುಪಡಿ ಉಳಿಯಿತು. ಮುಂಗಡ ಅವರ ಖಾತೆಗೆ ಮುಟ್ಟಿದ್ದು ಕಾರ್ಖಾನೆ ಮುಚ್ಚಲು ಎರಡು ದಿನ ಇರುವಾಗ. ಸರಳು ಎಳೆಯುವುದು ರಜೆ ಮುಗಿದ ಮೇಲೆಯೇ ಆಯಿತು, ಆದರೆ ನಮ್ಮ ಹೆಸರು ಸರದಿಯಲ್ಲಿ ಮೊದಲೇ ಇತ್ತು. ಆಮೇಲೆ ಹಡಗು, ನ್ಹಾವಾ ಶೇವಾ ಬಂದರು, ಅಲ್ಲಿಂದ ಲಾರಿ. ಅದರಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ.

ನಿನ್ನೆ ಅಳೆದದ್ದು ಹೀಗಿತ್ತು. ಸವ್ವಾ ಇಂಚಿನದು 31.71, 31.72. ದೀಡ ಇಂಚಿನದು 38.06ರ ಆಸುಪಾಸು. ಎರಡು ಇಂಚಿನ 20 ಸರಳನ್ನೂ ಬಿಡದೆ ಎರಡು ತುದಿ ಮತ್ತು ನಡುವೆ ಅಳೆದೆವು, ಎಲ್ಲ 50.76ರಿಂದ 50.78ರೊಳಗೆ. ಉದ್ದ 3052, 3055. ಅಕ್ಕ ರಿಪೋರ್ಟಿಗೆ ಸಹಿ ಹಾಕಿ ಏನೂ ಹೇಳದೆ ನನ್ನ ಬೆನ್ನು ತಟ್ಟಿ ಹೋದರು.

ರ‍್ಯಾಕಿನ ಮೇಲೆ ಪೇಂಟಿನಲ್ಲಿ 31.75, 38.10, 50.80 ಎಂದು ಬರೆಯುತ್ತಿದ್ದೆ. ಮೂವತ್ತು ವರ್ಷದಿಂದ ಲೇತಿನ ಮೇಲಿರುವ ನಮ್ಮ ಕಾಕಾ ಹಿಂದೆ ಬಂದು ನಿಂತರು.

“ತಮ್ಮಾ, ಇದರಾಗ ಸವ್ವಾ ಇಂಚಿಂದು ಯಾವದೋ?”

ಮೊದಲನೆಯದನ್ನು ತೋರಿಸಿದೆ. ಕುಂಚ ನನ್ನ ಕೈಯಿಂದ ತೆಗೆದುಕೊಂಡು 31.75ರ ಕೆಳಗೆ ಸಣ್ಣಗೆ ಅದನ್ನೂ ಬರೆದರು.